ಉಣ್ಣೆಯ ತಿಳಿಬಣ್ಣದ ಕಾರ್ಪೆಟ್ ಮೇಲೆ ವೈನ್ ಅಥವಾ ಕೋಕಂ ಚೆಲ್ಲಿದಾಗ

ಮುಂಬಯಿಯ ಗೋರೆಗಾಂವ್‌ನಲ್ಲಿರುವ ನಮ್ಮ ಮನೆಯ ಹಾಲ್‌ನಲ್ಲಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೆನೆಬಣ್ಣದ ಉಣ್ಣೆಯ ಕಾರ್ಪೆಟ್ ಒಂದಿದೆ. ಅದರ ಮೇಲೆ ಎರಡು ಸಲ ಕೆಂಪು ಚೆಲ್ಲಿದೆ. ಮೊದಲ ಸಲ ಚೆಲ್ಲಿದ್ದು ಊರಿನಿಂದ ಬಂದ ಪುನರ್ಪುಳಿಯ ಶರಬತ್ತು. ಇಲ್ಲಿಯವರು, ಗೋವೆಯವರು ಕೋಕಂ ಎನ್ನುವುದು ಇದನ್ನೇ. ಎರಡನೆಯ ಸಲ ಚೆಲ್ಲಿದ್ದು ಭಾವನವರು ತಂದ ನಾಶಿಕದ ಕೆಂಪು ವೈನ್. ಶರಬತ್ತು ಚೆಲ್ಲಿದಾಗ ನಾನು ಗಾಬರಿಯಿಂದ ಅಡುಗೆ ಸೋಡಾ ಸುರಿದು, ಬ್ರಷ್‌ನಿಂದ ಉಜ್ಜಿ, ಕೊನೆಗೆ ಹೇರ್ ಡ್ರೈಯರ್ ಹಿಡಿದು ಒಣಗಿಸಿದೆ. ಅದರ ಫಲವಾಗಿ ಉಳಿದ ಅಂಗೈಯಗಲದ ಬೂದುನೀಲಿ ಕಲೆ ಇಂದಿಗೂ ಸೋಫಾದ ಕೆಳಗೆ ಅಡಗಿದೆ. ವೈನ್ ಚೆಲ್ಲಿದ ಜಾಗವನ್ನು ಮಾತ್ರ ಈಗ ನಾನೇ ಹುಡುಕಬೇಕು. ಎರಡರ ಬಣ್ಣವೂ ಒಂದೇ ಜಾತಿಯದಾಗಿದ್ದರೂ ಫಲ ಇಷ್ಟು ಬೇರೆಯಾದದ್ದೇಕೆ ಎಂಬುದನ್ನು ತಿಳಿದರೆ, ಮುಂದೆ ಹೇಳುವ ಕ್ರಮಗಳನ್ನು ಬಾಯಿಪಾಠ ಮಾಡಬೇಕಾದ ಅಗತ್ಯ ಬೀಳುವುದಿಲ್ಲ.

ಬಣ್ಣದ ಸ್ವಭಾವ, ಉಣ್ಣೆಯ ಸ್ವಭಾವ

ಕೆಂಪು ವೈನ್, ಕೋಕಂ, ನೇರಳೆ, ದಾಳಿಂಬೆ, ಕಪ್ಪು ದ್ರಾಕ್ಷಿ ಇವೆಲ್ಲಕ್ಕೂ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವರ್ಗದ ವಸ್ತುಗಳು. ಹುಳಿಯಲ್ಲಿ ಅವು ಕೆಂಪಾಗಿರುತ್ತವೆ. ಕ್ಷಾರ ತಗುಲಿದೊಡನೆ ನೇರಳೆಗೆ, ನೀಲಿಗೆ, ಕೆಲವೊಮ್ಮೆ ಹಸಿರು ಛಾಯೆಗೆ ತಿರುಗುತ್ತವೆ. ನಂಬಿಕೆ ಬಾರದಿದ್ದರೆ ಎರಡು ಬಸಿಗಳಲ್ಲಿ ಒಂದೊಂದು ಚಮಚ ತೆಳುವಾದ ಕೋಕಂ ನೀರು ಹಾಕಿ, ಒಂದಕ್ಕೆ ಬಿಳಿ ವಿನೆಗರ್‌ನ ನಾಲ್ಕು ಹನಿಯನ್ನೂ ಇನ್ನೊಂದಕ್ಕೆ ಚಿಟಿಕೆ ಸೋಡಾವನ್ನೂ ಬೆರೆಸಿ ನೋಡಬಹುದು. ಮೊದಲನೆಯದು ಕೆಂಪಾಗಿಯೇ ಉಳಿಯುತ್ತದೆ. ಎರಡನೆಯದು ನೊರೆಯೆದ್ದು, ನೊರೆ ಇಳಿಯುವಷ್ಟರಲ್ಲಿ ಮಳೆಗಾಲದ ಮೋಡದ ಬಣ್ಣಕ್ಕೆ ಬಂದಿರುತ್ತದೆ. ನಾನು ಕಾರ್ಪೆಟ್ ಮೇಲೆ ಮಾಡಿದ್ದು ಈ ಎರಡನೆಯ ಬಸಿಯ ಪ್ರಯೋಗವನ್ನೇ.

ಇನ್ನು ಉಣ್ಣೆ. ಅದು ನಮ್ಮ ಕೂದಲಿನಂತೆಯೇ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಹತ್ತಿಬಟ್ಟೆ ತಡೆದುಕೊಳ್ಳುವ ಸೋಡಾ, ಬಟ್ಟೆಸೋಪು, ಬ್ಲೀಚ್ ಯಾವುದನ್ನೂ ಅದು ತಡೆದುಕೊಳ್ಳುವುದಿಲ್ಲ. ಕ್ಲೋರಿನ್ ಬ್ಲೀಚ್ ತಗುಲಿದರೆ ಉಣ್ಣೆ ಮೊದಲು ಹಳದಿಯಾಗಿ, ಬಳಿಕ ಕರಗಿಯೇ ಹೋಗುತ್ತದೆ. ಹೆಚ್ಚಿನ ಬಟ್ಟೆ ಪುಡಿಗಳಲ್ಲಿ ಕ್ಷಾರದ ಜೊತೆಗೆ ಪ್ರೋಟೀನನ್ನು ಒಡೆಯುವ ಕಿಣ್ವಗಳೂ ಇರುತ್ತವೆ. ರಕ್ತದ ಕಲೆಯನ್ನು ತಿನ್ನುವ ಅದೇ ಕಿಣ್ವ ಉಣ್ಣೆಯ ಎಳೆಯನ್ನೂ ತಿನ್ನುತ್ತದೆ. ಮತ್ತೊಂದು ಸಂಗತಿಯೆಂದರೆ, ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂತೆ ಸಣ್ಣ ಪೊರೆಗಳಿವೆ; ಒದ್ದೆಯಾದಾಗ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಎಳೆಗಳು ಗಂಟಾಗುತ್ತವೆ. ಹೀಗೆ ಜಡೆಗಟ್ಟಿದ ಜಾಗದ ಬಣ್ಣ ಪೂರ್ತಿ ಹೋದರೂ ಅದು ಎದ್ದು ಕಾಣುತ್ತಲೇ ಇರುತ್ತದೆ.

ಉಣ್ಣೆಯಲ್ಲಿ ನಮ್ಮ ಪರವಾಗಿರುವ ಗುಣವೂ ಒಂದಿದೆ. ಎಳೆಯ ಹೊರಮೈಯಲ್ಲಿ ತೆಳುವಾದ ಜಿಡ್ಡಿನ ಪದರವಿರುವುದರಿಂದ ಚೆಲ್ಲಿದ ದ್ರವ ಒಂದೆರಡು ನಿಮಿಷ ಹನಿಹನಿಯಾಗಿ ಮೇಲೆಯೇ ನಿಲ್ಲುತ್ತದೆ. ಆಮೇಲೆ ಒಳಗಿಳಿಯುತ್ತದೆ, ಇಳಿದದ್ದನ್ನು ಉಣ್ಣೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹುಳಿಯೂ ಬಿಸಿಯೂ ಸೇರಿದರೆ ಈ ಹಿಡಿತ ಇನ್ನಷ್ಟು ಗಟ್ಟಿ. ಉಣ್ಣೆಗೆ ಬಣ್ಣ ಹಾಕುವವರು ಹುಳಿ ಬೆರೆಸಿದ ಬಿಸಿನೀರಿನಲ್ಲಿ ಕುದಿಸುವುದು ಈ ಕಾರಣಕ್ಕೇ. ಆದ್ದರಿಂದ ಬಿಸಿನೀರು, ಹಬೆ, ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಇವುಗಳನ್ನು ಕಲೆ ಇರುವವರೆಗೆ ದೂರವಿಡಬೇಕು.

ಮೊದಲ ಹತ್ತು ನಿಮಿಷ

ವೈನ್ ಚೆಲ್ಲಿದ ರಾತ್ರಿ ಗ್ಲಾಸಿನಲ್ಲಿ ಸುಮಾರು 100 ಮಿಲಿ ಇದ್ದಿರಬೇಕು. ಊಟದ ತಟ್ಟೆಯಷ್ಟು ಅಗಲಕ್ಕೆ ಹರಡಿತ್ತು. ಆಗ ಮಾಡಿದ ಮೊದಲ ಕೆಲಸವೆಂದರೆ ಯಾರೂ ಅದರ ಮೇಲೆ ಕಾಲಿಡದಂತೆ ನೋಡಿಕೊಂಡದ್ದು, ಎರಡನೆಯದು ಹಳೆಯ ಪಂಚೆ ತಂದದ್ದು. ಹಲವು ವರ್ಷ ಒಗೆದು ಮೆದುವಾದ ಬಿಳಿ ಹತ್ತಿ ಪಂಚೆಯಷ್ಟು ಚೆನ್ನಾಗಿ ಹೀರುವ ಬಟ್ಟೆ ಮನೆಯಲ್ಲಿ ಇನ್ನೊಂದಿಲ್ಲ. ಗಂಜಿಯಿರುವ ಹೊಸ ಬಟ್ಟೆ ಹೀರುವುದಿಲ್ಲ; ಬಣ್ಣದ ಟವೆಲ್ ತನ್ನ ಬಣ್ಣವನ್ನು ಬಿಡುತ್ತದೆ; ವೃತ್ತಪತ್ರಿಕೆಯ ಹಾಳೆ ಶಾಯಿ ಬಿಡುತ್ತದೆ. ಬಟ್ಟೆ ಬಿಳಿಯದಾಗಿದ್ದರೆ ಎಷ್ಟು ಬಣ್ಣ ಮೇಲೆ ಬಂತು ಎಂಬುದೂ ಕಣ್ಣಿಗೆ ಕಾಣುತ್ತದೆ, ಅದು ಮುಂದಿನ ನಿರ್ಧಾರಕ್ಕೆ ಬೇಕು.

ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಕಲೆಯ ಅಂಚಿನಿಂದ ನಡುವಿನ ಕಡೆಗೆ ಸಾಗುತ್ತ, ಅಂಗೈಯ ಬುಡದಿಂದ ನೇರ ಕೆಳಕ್ಕೆ ಒತ್ತಿ, ಐದು ಎಣಿಸಿ, ನೇರ ಮೇಲಕ್ಕೆ ಎತ್ತಬೇಕು. ಒರೆಸಬಾರದು, ತಿರುಚಬಾರದು. ಪ್ರತಿ ಸಲವೂ ಬಟ್ಟೆಯ ಒಣ ಭಾಗವನ್ನೇ ಇಡಬೇಕು. ನಾನು ಒತ್ತಿದಾಗ ಮೊದಲ ಮಡಿಕೆ ದಾಸವಾಳದಂತೆ ಕೆಂಪಾಯಿತು, ಐದನೆಯದು ಗುಲಾಬಿಯಾಯಿತು, ಹನ್ನೊಂದನೆಯದರಲ್ಲಿ ಬರೀ ತೇವ. ಕೈಸೋತು ಇನ್ನು ಏನೂ ಬಾರದು ಎನಿಸಿದಾಗ ಮಡಿಸಿದ ಬಟ್ಟೆಯನ್ನು ಕಲೆಯ ಮೇಲಿಟ್ಟು ಚಪ್ಪಲಿ ಕಳಚಿ ಅದರ ಮೇಲೆ ನಿಂತರೆ ಮತ್ತಷ್ಟು ಬರುತ್ತದೆ. ಚೆಲ್ಲಿದ್ದರಲ್ಲಿ ಬಹುಪಾಲು ಹೊರಬರುವುದು ಈ ಒಣ ಹಂತದಲ್ಲಿಯೇ. ಅವಸರದಲ್ಲಿ ಇದನ್ನು ಅರ್ಧಕ್ಕೆ ಬಿಟ್ಟು ನೀರು ಸುರಿದರೆ, ಮೇಲೆ ತಟ್ಟೆಯಷ್ಟಿದ್ದ ಕಲೆ ಬುಡದಲ್ಲಿ ಮೊರದಷ್ಟಾಗುತ್ತದೆ.

ಕಲೆಯ ಮೇಲೆ ಉಪ್ಪು ಸುರಿಯುವ ರೂಢಿ ಬಹಳ ಮನೆಗಳಲ್ಲಿದೆ. ಉಪ್ಪು ಸ್ವಲ್ಪ ದ್ರವವನ್ನು ಹೀರುವುದು ನಿಜವಾದರೂ ಬಟ್ಟೆಯಷ್ಟು ಹೀರುವುದಿಲ್ಲ. ಎಳೆಗಳ ಬುಡಕ್ಕೆ ಸೇರಿದ ಹರಳುಗಳನ್ನು ಮತ್ತೆ ತೆಗೆಯುವುದು ಕಷ್ಟ. ಜುಲೈ ತಿಂಗಳಲ್ಲಿ ಡಬ್ಬಿಯ ಉಪ್ಪೇ ನೀರೊಡೆಯುವ ಮುಂಬಯಿ ಮತ್ತು ಗೋವೆಗಳಲ್ಲಿ, ಕಾರ್ಪೆಟ್‌ನೊಳಗೆ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಆ ಜಾಗವನ್ನು ತಿಂಗಳುಗಟ್ಟಲೆ ಜಿಗುಟಾಗಿಡುತ್ತದೆ. ಕೆಂಪು ವೈನ್ ಮೇಲೆ ಬಿಳಿ ವೈನ್ ಸುರಿಯಬೇಕೆಂಬ ಸಲಹೆಯಲ್ಲಿ ನೀರಿಗಿಂತ ಹೆಚ್ಚಿನ ಗುಣವೇನೂ ಇಲ್ಲ, ಖರ್ಚು ಮಾತ್ರ ಇದೆ.

ನೀರು ಹಾಕುವ ಮೊದಲು ಕಾರ್ಪೆಟ್ ಮಗುಚಿ ನೋಡಿ

ಎಷ್ಟು ನೀರು ಹಾಕಬಹುದು ಎಂಬುದನ್ನು ಹೇಳುವುದು ಕಾರ್ಪೆಟ್‌ನ ಹಿಂಬದಿ. ಮುಂಭಾಗದ ವಿನ್ಯಾಸವೇ ಹಿಂಬದಿಯಲ್ಲೂ ಗಂಟುಗಂಟಾಗಿ ಕಂಡರೆ ಅದು ಕೈಯಿಂದ ಗಂಟು ಹಾಕಿದ ಕಾರ್ಪೆಟ್. ಅದರ ಹಾಸುಹೊಕ್ಕು ಸಾಮಾನ್ಯವಾಗಿ ಹತ್ತಿಯದು. ಹಿಂಬದಿಯಲ್ಲಿ ದಪ್ಪ ಬಟ್ಟೆಯೊಂದನ್ನು ಅಂಟಿಸಿದ್ದರೆ ಅದು ಟಫ್ಟೆಡ್ ಕಾರ್ಪೆಟ್. ಉಣ್ಣೆಯ ಎಳೆಗಳನ್ನು ಒಳಗೆ ಹಿಡಿದಿಟ್ಟಿರುವುದು ರಬ್ಬರಿನ ಅಂಟು. ಈ ಅಂಟು ನೆನೆದರೆ ಕೊಳೆತ ರಬ್ಬರಿನ ವಾಸನೆ ಬರುತ್ತದೆ, ಮತ್ತೆಮತ್ತೆ ನೆನೆದರೆ ಹಿಂಬದಿಯ ಬಟ್ಟೆ ಕಳಚುತ್ತದೆ. ಗಂಟಿನ ಕಾರ್ಪೆಟ್‌ಗೆ ಇನ್ನೊಂದು ತೊಂದರೆ. ಅದರ ಹತ್ತಿ ಪೂರ್ತಿ ತೊಯ್ದು ನಿಧಾನವಾಗಿ ಒಣಗಿದರೆ ಕಂದು ಬಣ್ಣ ಮೇಲೇರಿ ಉಣ್ಣೆಯ ತುದಿಯಲ್ಲಿ ನಿಲ್ಲುತ್ತದೆ; ಬುಡದಲ್ಲಿ ಸೆಣಬಿದ್ದರೂ ಹಾಗೆಯೇ. ಎರಡೂ ಬಗೆಗೆ ನಿಯಮ ಒಂದೇ: ನೀರನ್ನು ಸುರಿಯದೆ, ಗಿಡಗಳಿಗೆ ನೀರು ಸಿಂಪಡಿಸುವ ಬಾಟಲಿಯಿಂದ ಹನಿಸಬೇಕು ಅಥವಾ ಒದ್ದೆ ಬಟ್ಟೆಯಿಂದ ಒತ್ತಬೇಕು.

ಮಗುಚಿದಾಗಲೇ ಕಲೆಯ ಕೆಳಗಿನ ನೆಲವನ್ನು ಒರೆಸಿಬಿಡಿ. ನಮ್ಮ ಫ್ಲ್ಯಾಟ್‌ಗಳ ಟೈಲ್ಸ್ ನೆಲ ಏನನ್ನೂ ಹೀರುವುದಿಲ್ಲ. ಕೆಳಗಿಳಿದ ವೈನ್ ಅಲ್ಲಿಯೇ ನಿಂತು ಮತ್ತೆ ಮೇಲಕ್ಕೆ ಏರಲು ಕಾಯುತ್ತಿರುತ್ತದೆ. ಒರೆಸಿದ ಮೇಲೆ ಅಲ್ಲಿ ಮಡಿಸಿದ ಬಿಳಿ ಬಟ್ಟೆಯೊಂದನ್ನು ಹಾಸಬೇಕು.

ಯಾವ ನೀರು ಎಂಬುದನ್ನೂ ಗಮನಿಸಬೇಕು. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಬೆರೆಸಿ ಕಪ್ಪು ಶಾಯಿ ಮಾಡುತ್ತಿದ್ದರಷ್ಟೆ. ವೈನಿನಲ್ಲಿಯೂ ಅಳಲೆಯಲ್ಲಿರುವಂಥ ಒಗರು, ಅಂದರೆ ಟ್ಯಾನಿನ್, ಇರುತ್ತದೆ. ಹಳೆಯ ಕಟ್ಟಡದ ತುಕ್ಕು ಹಿಡಿದ ಪೈಪಿನ ನೀರು ಅಥವಾ ಕಬ್ಬಿಣದ ಅಂಶವಿರುವ ಬೋರ್‌ವೆಲ್ ನೀರು ಅದಕ್ಕೆ ಸೇರಿದರೆ ಕಾರ್ಪೆಟ್ ಮೇಲೆಯೇ ಶಾಯಿ ತಯಾರಾಗುತ್ತದೆ. ಕುಡಿಯಲು ಬಳಸುವ ಫಿಲ್ಟರ್ ನೀರು ಒಂದು ಲೀಟರ್ ಇದ್ದರೆ ಇಡೀ ಕೆಲಸಕ್ಕೆ ಸಾಕು.

ಮೂರು ದ್ರವ, ಒಂದಾದ ಮೇಲೊಂದು

ಮೊದಲು ಬರಿಯ ತಣ್ಣೀರು. ಕಲೆಯ ಮೇಲೆ ನಾಲ್ಕೈದು ಸಲ ಸಿಂಪಡಿಸಿ ಅರ್ಧ ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಒತ್ತಬೇಕು. ಬಟ್ಟೆಯಲ್ಲಿ ಬಣ್ಣ ಬರುತ್ತಿರುವಷ್ಟು ಹೊತ್ತು ಇದನ್ನೇ ಮುಂದುವರಿಸಬೇಕು. ಸಿಂಪಡಿಸಿದಷ್ಟೂ ನೀರು ಬಟ್ಟೆಗೆ ಮರಳಿ ಬಂದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಮುಂದಿನ ಸಿಂಪಡಣೆ. ನನಗೆ ಇದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಭಾವನವರು ಪಕ್ಕದಲ್ಲಿ ಕುಳಿತು, ಒಂದು ಬಕೆಟ್ ನೀರು ಹಾಕಿ ತೊಳೆದುಬಿಡಬಾರದೇ ಎಂದು ಮೂರು ಸಲ ಕೇಳಿದರು.

ಬಣ್ಣ ಬರುವುದು ನಿಂತ ಮೇಲೆ ಉಣ್ಣೆ ಬಟ್ಟೆ ಒಗೆಯಲೆಂದೇ ಮಾರುವ ದ್ರವ ಸೋಪನ್ನು ಒಂದು ಲೋಟ, ಅಂದರೆ 250 ಮಿಲಿ, ತಣ್ಣೀರಿಗೆ ಒಂದು ಟೀ ಚಮಚದಂತೆ ಬೆರೆಸಿಕೊಳ್ಳಬೇಕು. ಸ್ವೆಟರ್ ಒಗೆಯುವ ಈ ದ್ರವ ಕಿರಾಣಿ ಅಂಗಡಿಯಲ್ಲಿಯೇ ಸಿಗುತ್ತದೆ. ಅದನ್ನು ಮೊದಲು ಸೋಫಾದ ಕೆಳಗೆ ಮರೆಯಾಗುವ ಮೂಲೆಯೊಂದರಲ್ಲಿ ಹಚ್ಚಿ, ಹತ್ತು ನಿಮಿಷದ ಬಳಿಕ ಒದ್ದೆ ಬಿಳಿ ಬಟ್ಟೆಯನ್ನು ಒತ್ತಿ ನೋಡಿ. ಕಾರ್ಪೆಟ್‌ನದೇ ಬಣ್ಣ ಬಟ್ಟೆಗೆ ಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ತಿಳಿದವರಿಗೆ ಒಪ್ಪಿಸುವುದು ಲೇಸು. ಬಾರದಿದ್ದರೆ ಬಟ್ಟೆಯನ್ನು ಸೋಪುನೀರಿನಲ್ಲಿ ಅದ್ದಿ, ಹಿಂಡಿ, ಕಲೆಯ ಮೇಲೆ ಹಿಂದಿನಂತೆಯೇ ಒತ್ತುತ್ತ ಬರಬೇಕು. ಪಾತ್ರೆ ತೊಳೆಯುವ ಸೋಪು ಬೇಡ. ಅದರ ನೊರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಉಳಿದ ಸೋಪು ಮುಂದೆ ಕಾಲಿನ ಧೂಳನ್ನೆಲ್ಲ ಹಿಡಿದುಕೊಂಡು, ಹಳೆಯ ಕಲೆಯೇ ಮರಳಿ ಬಂತೆಂಬ ಭ್ರಮೆ ಹುಟ್ಟಿಸುತ್ತದೆ.

ಮೂರನೆಯದು ವಿನೆಗರ್ ನೀರು: ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು. ಇದನ್ನೂ ಅದೇ ಮೂಲೆಯಲ್ಲಿ ಪರೀಕ್ಷಿಸಿ, ಅದೇ ರೀತಿ ಹಚ್ಚಿ, ಐದು ನಿಮಿಷ ಬಿಟ್ಟು ಒತ್ತಿ ತೆಗೆಯಬೇಕು. ಸೋಪಿನಲ್ಲಿ ಕಿಂಚಿತ್ ಕ್ಷಾರವಿದ್ದರೆ ವಿನೆಗರ್ ಅದನ್ನು ಶಮನಗೊಳಿಸಿ, ನೀಲಿಗೆ ತಿರುಗತೊಡಗಿದ ಬಣ್ಣವನ್ನು ಕೆಂಪಿಗೆ ಮರಳಿಸುತ್ತದೆ. ಹುಳಿ ಬಣ್ಣವನ್ನು ಉಣ್ಣೆಗೆ ಅಂಟಿಸುತ್ತದೆಂದು ಮೇಲೆ ಹೇಳಿದೆನಲ್ಲ, ಈಗ ಹುಳಿಯನ್ನೇ ಹಾಕುವುದೇ ಎಂದು ಯಾರಾದರೂ ಕೇಳಬಹುದು. ಅಂಟಿಸಲು ಹುಳಿಯ ಜೊತೆಗೆ ಬಿಸಿಯೂ ಬೇಕು, ಹೊತ್ತೂ ಬೇಕು. ತಣ್ಣಗಿನ ತೆಳು ವಿನೆಗರ್ ಐದು ನಿಮಿಷದಲ್ಲಿ ಅಂಥ ಕೆಡುಕು ಮಾಡದು. ಗೋವೆಯಲ್ಲಿರುವವರು ಅಡುಗೆಮನೆಯ ಕಳ್ಳಿನ ವಿನೆಗರನ್ನು ಇದಕ್ಕೆ ಬಳಸಬಾರದು, ಅದಕ್ಕೆ ತನ್ನದೇ ಬಣ್ಣವಿರುತ್ತದೆ. ನಿಂಬೆರಸ, ಹುಣಸೆ ನೀರಿಗೂ ಇದೇ ಮಾತು.

ಕೊನೆಗೆ ಮತ್ತೆ ಬರಿಯ ನೀರು, ಕನಿಷ್ಠ ಮೂರು ಸಲ. ಶರಬತ್ತು ಅಥವಾ ಗೋವೆಯ ಸಿಹಿ ಪೋರ್ಟ್ ವೈನ್ ಚೆಲ್ಲಿದ್ದರೆ ಐದಾರು ಸಲ. ಸಕ್ಕರೆಗೆ ಬಣ್ಣವಿಲ್ಲದ ಕಾರಣ ಅದು ಉಳಿದದ್ದು ಅಂದು ತಿಳಿಯುವುದಿಲ್ಲ. ಕೆಲವು ತಿಂಗಳಲ್ಲಿ ಅದೇ ಹಳದಿಗಂದು ಮಚ್ಚೆಯಾಗುತ್ತದೆ, ಅಷ್ಟರೊಳಗೆ ಇರುವೆಗಳು ತಾವಾಗಿ ವಿಷಯ ತಿಳಿಸದಿದ್ದರೆ. ಒಣಗಿದ ಮೇಲೆ ಬೆರಳಿನಿಂದ ಸವರಿದಾಗ ಎಳೆಗಳು ಅಂಟಂಟಾಗಿದ್ದರೆ ಸಕ್ಕರೆ ಅಥವಾ ಸೋಪು ಉಳಿದಿದೆ ಎಂದೇ ಅರ್ಥ.

ಬೆಳಿಗ್ಗೆ ಮರಳಿ ಬರುವ ಕಲೆ

ರಾತ್ರಿ ಹನ್ನೊಂದಕ್ಕೆ ನಮ್ಮ ಕಾರ್ಪೆಟ್ ಮೇಲೆ ಏನೂ ಕಾಣುತ್ತಿರಲಿಲ್ಲ. ಹಾಗೆಯೇ ಬಿಟ್ಟು ಮಲಗಿದ್ದರೆ ಬೆಳಿಗ್ಗೆ ಗುಲಾಬಿ ಉಂಗುರವೊಂದು ಖಂಡಿತ ಎದ್ದಿರುತ್ತಿತ್ತು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಪ್ರತಿ ಎಳೆಯೂ ಬುಡದಲ್ಲಿ ಉಳಿದ ಬಣ್ಣದ ನೀರನ್ನು ತುದಿಗೆ ಎಳೆಯುತ್ತದೆ. ತುದಿಯಲ್ಲಿ ನೀರು ಆರಿ ಬಣ್ಣ ನಿಲ್ಲುತ್ತದೆ. ಈ ಏರಿಕೆಯನ್ನು ತಡೆಯುವ ಬದಲು ಅದರಿಂದಲೇ ಕೆಲಸ ಮಾಡಿಸಿಕೊಳ್ಳಬಹುದು. ಒದ್ದೆ ಜಾಗಕ್ಕಿಂತ ಎಲ್ಲ ಕಡೆ ನಾಲ್ಕು ಬೆರಳು ಹೆಚ್ಚು ಅಗಲವಾಗುವಂತೆ ಎಂಟು ಮಡಿಕೆಯ ಒಣ ಬಿಳಿ ಬಟ್ಟೆಯನ್ನು ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಭಾರ. ನಾನು ಐದು ಕಿಲೋ ಅಕ್ಕಿಯ ಎರಡು ಚೀಲ ಇಟ್ಟೆ. ಪ್ಲಾಸ್ಟಿಕ್ ಇಲ್ಲದಿದ್ದರೆ ಚೀಲದ ಬಣ್ಣವೋ ಪಾತ್ರೆಯ ತುಕ್ಕೋ ಬಟ್ಟೆಯ ಮೂಲಕ ಕೆಳಗಿಳಿಯುವ ಅಪಾಯವಿದೆ. ಬೆಳಿಗ್ಗೆ ಬಟ್ಟೆಯನ್ನು ಎತ್ತಿದಾಗ, ಕಾರ್ಪೆಟ್ ಮೇಲೆ ಮೂಡಬೇಕಿದ್ದ ಉಂಗುರ ಅದರ ಕೆಳಮಡಿಕೆಯಲ್ಲಿ ಮೂಡಿತ್ತು.

ಆಮೇಲೆ ಒಣಗಿಸುವುದು. ಮಳೆಗಾಲದಲ್ಲಿ ಇದನ್ನು ತಾನಾಗಿ ಆಗಲಿ ಎಂದು ಬಿಡುವಂತಿಲ್ಲ, ಒಂದು ದಿನಕ್ಕಿಂತ ಹೆಚ್ಚು ತೇವವಿದ್ದರೆ ಮುಗ್ಗುಲು ವಾಸನೆ ಶುರುವಾಗುತ್ತದೆ. ಎರಡು ಮಣೆಗಳ ಮೇಲೆ ಕಾರ್ಪೆಟ್‌ನ ಆ ಭಾಗವನ್ನು ಎತ್ತಿಟ್ಟು, ಕೆಳಗೂ ಮೇಲೂ ಗಾಳಿಯಾಡುವಂತೆ ಟೇಬಲ್ ಫ್ಯಾನ್ ಹಚ್ಚಬೇಕು. ಏಸಿ ಇದ್ದರೆ ಡ್ರೈ ಮೋಡ್‌ನಲ್ಲಿ ಬಿಡಬಹುದು. ಬಿಸಿಲಿಗೆ ಹರವಬೇಡಿ, ತಿಳಿಬಣ್ಣದ ಉಣ್ಣೆ ಬಿಸಿಲಿಗೆ ಹಳದಿಯಾಗುತ್ತದೆ. ಪೂರ್ತಿ ಒಣಗಿದ ಬಳಿಕ ಮಲಗಿದ ಎಳೆಗಳನ್ನು ಬೆರಳಿನಿಂದ ಎಬ್ಬಿಸಿದರೆ ಸಾಕು.

ನೆರಳಿನಂತೆ ಉಳಿದದ್ದಕ್ಕೆ

ಒಣಗಿದ ಮೇಲೂ ತಿಳಿ ಗುಲಾಬಿ ಅಥವಾ ಬೂದು ನೆರಳು ಉಳಿದಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದು. ಔಷಧಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 6 ಶೇಕಡಾದ್ದು. ಅದಕ್ಕೆ ಸಮಪಾಲು ನೀರು ಬೆರೆಸಿ 3 ಶೇಕಡಾ ಮಾಡಿಕೊಳ್ಳಬೇಕು. ಇದು ಕಲೆಯನ್ನು ಎತ್ತಿ ತೆಗೆಯುವುದಿಲ್ಲ, ಇದ್ದಲ್ಲಿಯೇ ಅದರ ಬಣ್ಣ ಕಳೆಯುತ್ತದೆ. ಕಾರ್ಪೆಟ್‌ನ ಸ್ವಂತ ಬಣ್ಣವನ್ನೂ ಕಳೆಯಬಲ್ಲದು. ಆದ್ದರಿಂದ ಮರೆಯ ಮೂಲೆಯಲ್ಲಿ ಹಚ್ಚಿ ಒಂದು ದಿನ ಕಾದು ನೋಡದೆ ಬಳಸುವಂತಿಲ್ಲ. ರೇಷ್ಮೆ ಬೆರೆತ ಕಾಶ್ಮೀರಿ ಕಾರ್ಪೆಟ್, ಹಳೆಯ ಕಾಲದ್ದು, ಸಸ್ಯಬಣ್ಣದ್ದು ಇವುಗಳ ಮೇಲೆ ಬೇಡವೇ ಬೇಡ. ಕೈಗವಸು ಹಾಕಿ, ಹತ್ತಿಯ ತುದಿಯಿಂದ ನೆರಳಿರುವ ಎಳೆಗಳ ತುದಿಗೆ ಮಾತ್ರ ಸವರಿ, ಒಂದು ಗಂಟೆ ಬಿಟ್ಟು ನೀರಿನಿಂದ ಒತ್ತಿ ತೆಗೆಯಬೇಕು. ವಿನೆಗರ್, ಸೋಡಾ, ಅಮೋನಿಯಾ ಯಾವುದನ್ನೂ ಇದರೊಂದಿಗೆ ಬೆರೆಸಕೂಡದು. ನಾನು ಎರಡು ದಿನ ಒಂದೊಂದು ಸಲ ಸವರಿದೆ; ಮೂರನೆಯ ಸಲ ಹಚ್ಚುವ ಆಸೆಯಾದರೂ ತಡೆದೆ. ಕೆನೆಬಣ್ಣದ ನಡುವೆ ಅಪ್ಪಟ ಬಿಳಿ ಮಚ್ಚೆಯೊಂದು ಮೂಡಿದರೆ ಅದು ಮಸುಕು ಗುಲಾಬಿಗಿಂತ ಹೆಚ್ಚು ಕಣ್ಣಿಗೆ ಕುಕ್ಕುತ್ತದೆ.

ಒಣಗಿ ಹೋದ ಹಳೆಯ ಕಲೆಗೆ ಕ್ರಮ ಇದೇ. ಆದರೆ ಮೊದಲು ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅದರ ಮೇಲೆ ಹದಿನೈದು ನಿಮಿಷ ಹಾಸಿ ಮೆದುಗೊಳಿಸಬೇಕು. ಪುಣೆಯ ಮನೆಗಳಲ್ಲಿ ಮೇ ತಿಂಗಳಲ್ಲಿ ಚೆಲ್ಲುವ ಆಮ್‌ರಸ್‌ಗೆ ಮಾತ್ರ ಬೇರೆ ದಾರಿ: ಅದರ ಹಳದಿ ನೀರಿಗಿಂತ ಜಿಡ್ಡಿಗೆ ಒಲಿಯುವಂಥದ್ದು, ಹಾಗಾಗಿ ತಿರುಳನ್ನು ಚಮಚದಿಂದ ಗೋರಿ ತೆಗೆದು ಸೋಪುನೀರಿನಲ್ಲಿ ಹೆಚ್ಚು ಹೊತ್ತು ಕೆಲಸ ಮಾಡಬೇಕು; ವಿನೆಗರ್‌ನಿಂದ ಹೆಚ್ಚಿನ ಪ್ರಯೋಜನವಿಲ್ಲ.

ಸೋಡಾ ತಗುಲಿ ನೀಲಿಯಾದ ಕಲೆಗೆ ಅದೇ ದಿನವಾದರೆ ವಿನೆಗರ್ ನೀರು ಹಾಕಿ ನೋಡಬಹುದು. ಕೆಂಪು ಮರಳಿದರೆ ಮೇಲಿನ ಕ್ರಮವನ್ನು ಮೊದಲಿನಿಂದ ಹಿಡಿಯಬಹುದು. ನಾನು ಡ್ರೈಯರ್ ಹಿಡಿದು ಒಣಗಿಸಿಬಿಟ್ಟಿದ್ದರಿಂದ ನನ್ನ ಕೋಕಂ ಕಲೆ ಅದಕ್ಕೂ ಬಗ್ಗಲಿಲ್ಲ.

ಕಾರ್ಪೆಟ್ ತೊಳೆಯುವವರನ್ನು ಕರೆಯುವುದಾದರೆ ಚೆಲ್ಲಿದ್ದೇನು, ಯಾವಾಗ, ಅದರ ಮೇಲೆ ನೀವು ಏನೇನು ಹಾಕಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ, ಸೋಡಾ ಹಾಕಿದ್ದರೆ ನಾಚದೆ ಅದನ್ನೂ ಸೇರಿಸಿ. ಬಂದವರು ಬಾಗಿಲಲ್ಲೇ ಹಬೆಯ ಯಂತ್ರವನ್ನು ಇಳಿಸಿದರೆ, ಕಲೆ ಇನ್ನೂ ಇರುವ ಉಣ್ಣೆಗೆ ಹಬೆ ಬೇಡವೆಂದು ಮೊದಲೇ ಹೇಳಿಬಿಡಿ. ಅದಕ್ಕೆ ಒಪ್ಪದಿದ್ದರೆ ಚಹಾ ಕುಡಿಸಿ ಕಳುಹಿಸಿ.